ರೀಕಾಲ್ ಮತ್ತು ಎಫ್‌ಎಫ್‌ಕ್ಯೂ: ಥೀಸಿಸ್‌ನಲ್ಲಿ ಎರಡನ್ನೂ ಹೋಲಿಸುವುದು ಹೇಗೆ?

ನ್ಯೂಟ್ರಿಷನ್ ಎಂಎಸ್ಸಿ ಥೀಸಿಸ್‌ಗಳಲ್ಲಿ ಆಹಾರ ಸೇವನೆಯ ಅಧ್ಯಾಯ ತೆರೆದರೆ ಹೆಚ್ಚಾಗಿ ಒಂದೇ ಥರದ ಟೇಬಲ್ ಸಿಗುತ್ತದೆ. ಎಡಗಡೆ 24 ಗಂಟೆಯ ರೀಕಾಲ್‌ನ, ಅಂದರೆ ನಿನ್ನೆ ತಿಂದದ್ದನ್ನೆಲ್ಲ ಕೇಳಿ ಬರೆದುಕೊಂಡದ್ದರ ಸರಾಸರಿ. ಬಲಗಡೆ ಎಫ್‌ಎಫ್‌ಕ್ಯೂ, ಅಂದರೆ ಯಾವ ಆಹಾರವನ್ನು ಎಷ್ಟು ಸಲ ತಿನ್ನುತ್ತೀರಿ ಅಂತ ಕೇಳುವ ಪ್ರಶ್ನಾವಳಿಯ ಸರಾಸರಿ. ಪಕ್ಕದಲ್ಲೊಂದು ಪಿ-ವ್ಯಾಲ್ಯೂ. ಕೆಳಗೆ 'ರೀಕಾಲ್ ಹೆಚ್ಚು ನಿಖರವಾದ ವಿಧಾನ' ಅಂತ ಒಂದು ಸಾಲು. ಆ ಸಾಲಿಗೆ ಬೇಕಾದ ಆಧಾರ ಆ ಟೇಬಲ್‌ನಲ್ಲಿ ಇರುವುದೇ ಇಲ್ಲ. ಈ ಎರಡು ವಿಧಾನಗಳು ಉತ್ತರಿಸುವ ಪ್ರಶ್ನೆಗಳೇ ಬೇರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಡ್ಯ ಕಡೆ ಮನೆಯಿಂದ ಓಡಾಡುವ ಕಾಲೇಜು ಹುಡುಗಿಯರ ಕ್ಯಾಲ್ಸಿಯಂ ಸೇವನೆ ನಿಮ್ಮ ವಿಷಯ. ಮನೆಯಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ.

1. ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಿ

'ಈ ಗುಂಪು ಸರಾಸರಿ ಎಷ್ಟು ಕ್ಯಾಲ್ಸಿಯಂ ತಿನ್ನುತ್ತದೆ?' ಅನ್ನುವುದಾದರೆ ರೀಕಾಲ್ ಸಾಕು. 'ಯಾರು ಸಾಮಾನ್ಯವಾಗಿ ಜಾಸ್ತಿ ತಿನ್ನುತ್ತಾರೆ, ಯಾರು ಕಡಿಮೆ?' ಅನ್ನುವುದಾದರೆ ಎಫ್‌ಎಫ್‌ಕ್ಯೂ ಬೇಕು, ಇಲ್ಲವೇ ಒಬ್ಬೊಬ್ಬರ ಹತ್ತಿರವೂ ಹಲವು ದಿನದ ರೀಕಾಲ್ ಬೇಕು.

2. ರೀಕಾಲ್ ತೆಗೆದುಕೊಳ್ಳುವುದು

ಮೊದಲು ನಿನ್ನೆ ತಿಂದದ್ದನ್ನೆಲ್ಲ ಅವರೇ ಹೇಳಲಿ, ಮಧ್ಯೆ ತಡೆಯಬೇಡಿ. ಆಮೇಲೆ ಮರೆತಿರಬಹುದಾದದ್ದನ್ನು ಕೇಳಿ: ಕಾಫಿ, ಟೀ, ಬಸ್‌ಸ್ಟ್ಯಾಂಡಿನ ಕಡಲೆಕಾಯಿ, ಗೆಳತಿ ಕೊಟ್ಟ ಬಿಸ್ಕತ್ತು, ಊಟದ ಕೊನೆಯ ಮಜ್ಜಿಗೆ. ನಂತರ ಹೊತ್ತು, ಜಾಗ, ಅಳತೆ. ಕೊನೆಗೆ ಎಲ್ಲವನ್ನೂ ಓದಿ ಹೇಳಿ, ಬಿಟ್ಟುಹೋದದ್ದು ಏನಾದರೂ ಇದೆಯಾ ಅಂತ ಮತ್ತೊಮ್ಮೆ ಕೇಳಿ.

ಅಳತೆಗೆ ಲೋಟ, ಸೌಟು, ಬಟ್ಟಲು ಕೈಯಲ್ಲೇ ಹಿಡಿದುಕೊಂಡು ಹೋಗಿ. ಫೋಟೊ ತೋರಿಸಿ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

3. ಬೆಂದದ್ದನ್ನು ಹಸಿಗೆ ತಿರುಗಿಸುವುದು

ಅತಿ ಹೆಚ್ಚು ಥೀಸಿಸ್‌ಗಳು ಕೆಡುವುದು ಇಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದಲ್ಲಿರುವ ರಾಗಿ ಅಂದರೆ ಒಣ ಧಾನ್ಯ. 100 ಗ್ರಾಂನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಹುಡುಗಿ ತಿಂದದ್ದು 240 ಗ್ರಾಂ ತೂಗುವ ಒಂದು ಮುದ್ದೆ. ಅದನ್ನೇ ಸುಮ್ನೆ 240 ಗ್ರಾಂ ರಾಗಿ ಅಂತ ಹಾಕಿದರೆ 874 ಮಿಲಿಗ್ರಾಂ ಬರುತ್ತದೆ. ಆ ಮುದ್ದೆಗೆ ಬಿದ್ದ ಹಿಟ್ಟು 80 ಗ್ರಾಂ ಆಗಿದ್ದರೆ ಸರಿಯಾದ ಉತ್ತರ 291. ಉಳಿದ ತೂಕವೆಲ್ಲ ನೀರು. ಯಾರದ್ದಾದರೂ ಕ್ಯಾಲ್ಸಿಯಂ ನಂಬಲಾಗದಷ್ಟು ಜಾಸ್ತಿ ಕಂಡರೆ ಮೊದಲು ಮುದ್ದೆಯ ಸಾಲನ್ನು ನೋಡಿ.

ಸಾರಿಗೂ ಇದೇ ಲೆಕ್ಕ. ಅಡುಗೆ ಮಾಡಿದವರನ್ನು ಕೇಳಿ: ಪಾತ್ರೆಗೆ ಏನೇನು ಬಿತ್ತು, ಬೆಂದ ಮೇಲೆ ಒಟ್ಟು ಎಷ್ಟಾಯಿತು, ಈಕೆ ಬಡಿಸಿಕೊಂಡದ್ದು ಎಷ್ಟು. ಬಿಡಿಸಿದ ದಂಟಿನ ಸೊಪ್ಪು 400 ಗ್ರಾಂ, ತೊಗರಿಬೇಳೆ 100 ಗ್ರಾಂ, ಆದ ಸಾರು 2 ಲೀಟರ್, ಈಕೆಗೆ 250 ಮಿಲಿಲೀಟರ್. ಅಂದರೆ ಎಂಟನೇ ಒಂದು ಪಾಲು. ಸೊಪ್ಪು 50 ಗ್ರಾಂ, ಬೇಳೆ ಹನ್ನೆರಡೂವರೆ ಗ್ರಾಂ. ಕ್ಯಾಲೊರಿ ಆ್ಯಪ್‌ಗಳಲ್ಲಿ 'ಒಂದು ಬೌಲ್ ಸಾಂಬಾರ್' ಅಂತ ಸಿಗುವ ಅಂಕಿ ಹಾಕಲೇಬೇಡಿ. ಅದು ಯಾರ ಮನೆಯ ಸಾರು, ಎಷ್ಟು ನೀರು ಅಂತ ಯಾರಿಗೂ ಗೊತ್ತಿಲ್ಲ.

4. ಎಫ್‌ಎಫ್‌ಕ್ಯೂ ಪಟ್ಟಿ

ಇಂಟರ್ನೆಟ್‌ನಿಂದ ಇಳಿಸಿಕೊಂಡ ವಿದೇಶಿ ಪಟ್ಟಿ ಬೇಡ. ಅದರಲ್ಲಿ ಚೀಸ್ ನಾಲ್ಕು ಥರ ಇರುತ್ತದೆ, ರಾಗಿ ಇರುವುದಿಲ್ಲ. ಮೊದಲು ತೆಗೆದುಕೊಂಡ ಕೆಲವು ರೀಕಾಲ್‌ಗಳಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬಂತೋ ಅದರಿಂದಲೇ ಪಟ್ಟಿ ಕಟ್ಟಿ.

ಇನ್ನೊಂದು ತೊಂದರೆ ಕೂಡಿಸುವಾಗ ಬರುತ್ತದೆ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಪಾಲಕ್ ಒಂದೊಂದನ್ನೂ ಕೇಳಿದಾಗ ಹುಡುಗಿ ಎಲ್ಲಕ್ಕೂ 'ವಾರಕ್ಕೆ ಎರಡು ಸಲ' ಅನ್ನುತ್ತಾಳೆ. ಕೂಡಿದರೆ ವಾರಕ್ಕೆ ಹತ್ತು ಸಲ ಸೊಪ್ಪು! ಅದಕ್ಕೇ ಕೊನೆಗೆ 'ಎಲ್ಲಾ ಸೇರಿ ವಾರದಲ್ಲಿ ಎಷ್ಟು ಸಲ ಸೊಪ್ಪು ಮಾಡುತ್ತೀರಿ?' ಅಂತ ಒಂದು ಪ್ರಶ್ನೆ ಇರಲಿ. ಉತ್ತರ ನಾಲ್ಕು ಬಂದರೆ ಒಂದೊಂದು ಸೊಪ್ಪಿನ ಸಂಖ್ಯೆಯನ್ನೂ 0.4ರಿಂದ ಗುಣಿಸಿ. ಹಾಗೆ ಮಾಡಿದ್ದನ್ನು ವಿಧಾನದ ಭಾಗದಲ್ಲಿ ಬರೆಯಿರಿ.

5. ಎರಡರ ಅವಧಿಯೂ ಒಂದೇ ಇರಲಿ

ಎಫ್‌ಎಫ್‌ಕ್ಯೂ ಕಳೆದ ಒಂದು ವರ್ಷದ್ದು, ರೀಕಾಲ್ ಜನವರಿಯದ್ದು. ಜನವರಿಯಲ್ಲಿ ಮನೆಮನೆಯಲ್ಲೂ ಅವರೆಕಾಯಿ. ಎರಡೂ ಹೊಂದಲಿಲ್ಲ ಅಂದರೆ ತಪ್ಪು ವಿಧಾನದ್ದೋ, ಕಾಲದ್ದೋ? ಹೇಳಲು ಬರುವುದಿಲ್ಲ. ಒಂದು ತಿಂಗಳೊಳಗೆ ಬಿಡಿ ಬಿಡಿ ದಿನಗಳಲ್ಲಿ ಮೂರು ರೀಕಾಲ್ ಮಾಡಿ, ಒಂದು ಭಾನುವಾರದ್ದಾಗಿರಲಿ. ತಿಂಗಳ ಕೊನೆಗೆ ಆ ತಿಂಗಳದ್ದೇ ಎಫ್‌ಎಫ್‌ಕ್ಯೂ ಕೇಳಿ.

6. ಹೋಲಿಕೆ

ಈಗ ಅದೇ ಹುಡುಗಿಯ ಸೊಪ್ಪನ್ನು ನೋಡಿ. ಮಂಗಳವಾರದ ರೀಕಾಲ್‌ನಲ್ಲಿ 50 ಗ್ರಾಂ. ಗುರುವಾರ ಹುರುಳಿಕಾಳು ಸಾರು, ಸೊಪ್ಪು ಸೊನ್ನೆ. ಭಾನುವಾರ ಕೋಳಿ ಸಾರು, ಮತ್ತೆ ಸೊನ್ನೆ. ಮೂರು ದಿನದ ಸರಾಸರಿ ಸುಮಾರು 17 ಗ್ರಾಂ. ಎಫ್‌ಎಫ್‌ಕ್ಯೂನಲ್ಲಿ ವಾರಕ್ಕೆ ನಾಲ್ಕು ಸಲ, ಸಲಕ್ಕೆ 50 ಗ್ರಾಂ. ಏಳರಿಂದ ಭಾಗಿಸಿದರೆ ದಿನಕ್ಕೆ 29. ಮಂಗಳವಾರದ ಒಂದೇ ರೀಕಾಲ್ ನಂಬಿದ್ದರೆ ಆಕೆ ದಿನಾ ಸೊಪ್ಪು ತಿನ್ನುವವಳು, ಭಾನುವಾರದ್ದನ್ನು ನಂಬಿದ್ದರೆ ಸೊಪ್ಪನ್ನೇ ಮುಟ್ಟದವಳು. ಒಂದು ದಿನದ ರೀಕಾಲ್‌ನಿಂದ 'ಇಷ್ಟು ಶೇಕಡಾ ಹುಡುಗಿಯರಿಗೆ ಕೊರತೆಯಿದೆ' ಅಂತ ಬರೆಯಬಾರದು ಅನ್ನುವುದು ಇದಕ್ಕೇ. ದಿನದಿಂದ ದಿನಕ್ಕೆ ಆಗುವ ಏರುಪೇರು ಅಂಕಿಗಳನ್ನು ಎರಡೂ ಕಡೆ ಎಳೆಯುತ್ತದೆ. ಗುಂಪಿನ ಸರಾಸರಿಯಲ್ಲಿ ಅದು ಬಹುಪಾಲು ಹೋಗುತ್ತದೆ, ಒಬ್ಬೊಬ್ಬರ ಲೆಕ್ಕದಲ್ಲಿ ಉಳಿದುಬಿಡುತ್ತದೆ.

ಎಫ್‌ಎಫ್‌ಕ್ಯೂ ತಪ್ಪು ಬೇರೆ ಥರದ್ದು. ಅದು ಒಂದೇ ಕಡೆಗೆ ವಾಲುತ್ತದೆ, ಜನ ಎಷ್ಟು ಹೆಚ್ಚಿದರೂ ಹೋಗುವುದಿಲ್ಲ. ಇದನ್ನು ಕೋರಿಲೇಶನ್ ಹಿಡಿಯುವುದಿಲ್ಲ. ನಾಲ್ಕು ಹುಡುಗಿಯರಿಗೆ ರೀಕಾಲ್ 300, 400, 500, 600 ಮಿಲಿಗ್ರಾಂ ಕೊಟ್ಟು, ಎಫ್‌ಎಫ್‌ಕ್ಯೂ 600, 800, 1000, 1200 ಕೊಟ್ಟರೂ ಕೋರಿಲೇಶನ್ 1 ಬರುತ್ತದೆ! ಪ್ರತಿಯೊಬ್ಬರಿಗೂ ದುಪ್ಪಟ್ಟು ತೋರಿಸುತ್ತಿದೆ, ಆದರೂ 'ಪೂರ್ಣ ಹೊಂದಾಣಿಕೆ'. ಹಾಗಾಗಿ ಕೋರಿಲೇಶನ್ ಜೊತೆ ಬ್ಲಾಂಡ್-ಆಲ್ಟ್‌ಮನ್ ಚಿತ್ರ ಹಾಕಲೇಬೇಕು: ಎರಡರ ಸರಾಸರಿ ಅಡ್ಡಕ್ಕೆ, ಎರಡರ ವ್ಯತ್ಯಾಸ ಉದ್ದಕ್ಕೆ. ಮೇಲಿನ ನಾಲ್ಕು ಜನರಲ್ಲಿ ವ್ಯತ್ಯಾಸ 300ರಿಂದ 600ಕ್ಕೆ ಏರುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಎಫ್‌ಎಫ್‌ಕ್ಯೂ ಇರುವುದೇ ಜನರನ್ನು ಹೆಚ್ಚು-ಕಡಿಮೆ ಅಂತ ಜೋಡಿಸಲು, ಅಲ್ವಾ? ಹಾಗಾದರೆ ಎರಡೂ ವಿಧಾನಗಳಲ್ಲಿ ಎಲ್ಲರನ್ನೂ ನಾಲ್ಕು ಗುಂಪು ಮಾಡಿ, ಎಷ್ಟು ಜನ ಅದೇ ಗುಂಪಿನಲ್ಲಿ ಉಳಿದರು, ಎಷ್ಟು ಜನ ಮೇಲಿನಿಂದ ಪೂರಾ ಕೆಳಗೆ ಹೋದರು ಅಂತ ಎಣಿಸಿ. ನನಗೆ ಟೇಬಲ್ ಒಂದೇ ಹಾಕಲು ಬಿಟ್ಟರೆ ನಾನು ಹಾಕುವುದು ಇದನ್ನೇ.

7. ಬರೆಯುವುದು

'ನಿಖರತೆ ಸಾಬೀತಾಯಿತು' ಅಂತ ಬರೆಯಬೇಡಿ, 'ಎರಡರ ನಡುವೆ ಇಷ್ಟು ಹೊಂದಾಣಿಕೆ ಇತ್ತು' ಅಂತ ಬರೆಯಿರಿ. ಎರಡೂ ಅದೇ ಹುಡುಗಿಯ ನೆನಪನ್ನೇ ನೆಚ್ಚಿಕೊಂಡಿವೆ. ಬೇಕರಿ ತಿಂಡಿಯನ್ನು ಹೇಳಲು ಸಂಕೋಚಪಡುವವಳು ಎರಡರಲ್ಲೂ ಅದನ್ನು ಬಿಡುತ್ತಾಳೆ, ಆಗ ಎರಡೂ ಚೆನ್ನಾಗಿ ಹೊಂದುತ್ತವೆ ಮತ್ತು ಎರಡೂ ತಪ್ಪಾಗಿರುತ್ತವೆ. ಮಿತಿಗಳ ಭಾಗದಲ್ಲಿ ಈ ಮಾತು ಇರಬೇಕು. ರೀಕಾಲ್ ಎಷ್ಟು ದಿನದ್ದು, ಯಾವ ತಿಂಗಳದ್ದು, ಭಾನುವಾರ ಇತ್ತೋ ಇಲ್ಲವೋ ಅನ್ನುವುದನ್ನು ಟೇಬಲ್‌ನ ಕೆಳಗೇ ಹಾಕಿ. ಮುದ್ದೆಗೆ, ಸಾರಿಗೆ ಮಾಡಿದ ಹಸಿ-ಬೆಂದ ಲೆಕ್ಕವನ್ನು ಅನುಬಂಧದಲ್ಲಿ ಪೂರ್ತಿಯಾಗಿ ಕೊಡಿ. ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.