ಐಇಎಲ್‌ಟಿಎಸ್ ಪ್ರಬಂಧ: ಕೊನೆ ಸಾಲನ್ನು ಮೊದಲು ಓದಿ
ರೈಟಿಂಗ್ ಟಾಸ್ಕ್ 2ಕ್ಕೆ ತಯಾರಾಗುತ್ತಿರುವ ಚಿಕ್ಕಬಳ್ಳಾಪುರದ ಗೆಳೆಯರಿಗೆ: ಪ್ರಶ್ನೆಯ ವಿಷಯವನ್ನು ಕೈಯಿಂದ ಮುಚ್ಚಿ, ಕೊನೆ ಸಾಲನ್ನು ಮೊದಲು ಓದಿ. ಏನು ಬರೆಯಬೇಕು ಅನ್ನುವ ಆದೇಶ ಅಲ್ಲೇ ಇರುತ್ತದೆ. ಮೇಲಿನ ಸಾಲು ಸುಲಭವಾಗಿ ದಾರಿ ತಪ್ಪಿಸುತ್ತದೆ, ಯಾಕೆಂದರೆ 'ಸಮ್ ಪೀಪಲ್ ಥಿಂಕ್' ಎಂಬ ಶುರು ಚರ್ಚೆಯ ಪ್ರಶ್ನೆಗೂ ಬರುತ್ತದೆ, ಒಪ್ಪುತ್ತೀರಾ ಎನ್ನುವ ಪ್ರಶ್ನೆಗೂ ಬರುತ್ತದೆ. ನಮ್ಮ ಕಡೆಯದೇ ವಿಷಯ ತಗೊಳ್ಳಿ: ರೈತರ ಮಕ್ಕಳು ಹೊಲ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು. ಕೊನೆಗೆ 'ಡಿಸ್ಕಸ್ ಬೋತ್ ವ್ಯೂಸ್ ಅಂಡ್ ಗಿವ್ ಯುವರ್ ಒಪಿನಿಯನ್' ಇದ್ದರೆ ಹೋಗಬೇಕು ಅನ್ನುವವರ ಕಾರಣಕ್ಕೊಂದು ಪ್ಯಾರಾ, ಉಳಿಯಬೇಕು ಅನ್ನುವವರದಕ್ಕೊಂದು. ನಿಮ್ಮ ಅಭಿಪ್ರಾಯವೂ ಇರಲೇಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು. 'ಟು ವಾಟ್ ಎಕ್ಸ್‌ಟೆಂಟ್ ಡು ಯು ಅಗ್ರೀ ಆರ್ ಡಿಸಗ್ರೀ' ಇದ್ದರೆ ಇರುವುದು ಒಂದೇ ಹೇಳಿಕೆ. ನಿಮ್ಮ ನಿಲುವನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಕೊನೆವರೆಗೂ ಅದನ್ನೇ ಹಿಡಿಯಿರಿ. ಅರ್ಧ ಒಪ್ಪಿದರೂ ಸರಿ, ಯಾವ ಅರ್ಧ ಅಂತ ಸ್ಪಷ್ಟವಾಗಿರಲಿ. 'ವಾಟ್ ಪ್ರಾಬ್ಲಮ್ಸ್' ಮತ್ತು 'ಸಲ್ಯೂಷನ್ಸ್' ಕಂಡರೆ ಹೋಗುವುದು ಸರಿಯೋ ತಪ್ಪೋ ಅಂತ ವಾದ ಬೇಡ. ಹೊಲಕ್ಕೆ ಆಳು ಸಿಗದಿರುವುದು ತೊಂದರೆ ಎಂದು ಬರೆದರೆ, ಬಾಡಿಗೆ ಯಂತ್ರದಂಥ ಪರಿಹಾರ ಅದೇ ತೊಂದರೆಗೆ ತಾಗಬೇಕು. 'ಕಾಸಸ್' ಎಂದು ಕೇಳಿದ್ದರೆ ತೊಂದರೆ ಬರೆಯಬೇಡಿ, ಕಾರಣ ಬರೆಯಿರಿ. ಈ ಉಪಾಯ ಕೈಕೊಡುವುದು ಬೆರಕೆ ಪ್ರಶ್ನೆಯಲ್ಲಿ: ಇದು ಯಾಕೆ ಆಗುತ್ತಿದೆ, ಇದು ಒಳ್ಳೆಯ ಬೆಳವಣಿಗೆಯೇ ಎಂದು ಎರಡು ಪ್ರಶ್ನೆ ಕೇಳಿರುತ್ತಾರೆ. ಆಗ ಯಾವ ಬಗೆ ಅಂತ ಹುಡುಕಬೇಡಿ, ಒಂದೊಂದು ಪ್ರಶ್ನೆಗೆ ಒಂದೊಂದು ಪ್ಯಾರಾ ಇಡಿ.