ಇಬ್ಬರು ಟೆಸ್ಟರ್‌ಗಳು, ಒಂದು ಬ್ಯಾಂಕ್ ಆ್ಯಪ್: ನಮ್ಮ ಟೆಸ್ಟ್ ಪ್ಲಾನ್ ಹೇಗಿತ್ತು

ನಮ್ಮ ಕಂಪನಿಗೆ ಒಂದು ಪಟ್ಟಣ ಸಹಕಾರ ಬ್ಯಾಂಕಿನ ಮೊಬೈಲ್ ಆ್ಯಪ್ ಮಾಡುವ ಕೆಲಸ ಬಂದಿತ್ತು. ಮೂವರು ಡೆವಲಪರ್‌ಗಳು, ಟೆಸ್ಟಿಂಗ್‌ಗೆ ನಾನು ಮತ್ತು ಒಬ್ಬ ಕಿರಿಯ ಸಹೋದ್ಯೋಗಿ. ಬ್ಯಾಂಕಿನ ಕಡೆಯಿಂದ ಐಟಿ ವಿಭಾಗದ ಒಬ್ಬ ಮೇಡಂ. ಕೈಯಲ್ಲಿ ಎಂಟು ವಾರ. ಇಷ್ಟೇ ಜನ, ಇಷ್ಟೇ ಸಮಯ ಇದ್ದಾಗ ಟೆಸ್ಟ್ ಪ್ಲಾನ್ ಹೇಗೆ ಬರೆದೆವು ಎಂದು ಹೇಳುತ್ತೇನೆ. ಇಂಥದ್ದೇ ಕೆಲಸ ಕೈಗೆತ್ತಿಕೊಂಡವರಿಗೆ ಉಪಯೋಗ ಆಗಬಹುದು.

ಸಾಮಾನ್ಯವಾಗಿ ಪ್ಲಾನ್ ಶುರುವಾಗುವುದು ಸ್ಕ್ರೀನ್‌ಗಳ ಪಟ್ಟಿಯಿಂದ. ನಾನು ಬೇರೆ ಪಟ್ಟಿ ಮಾಡಿದೆ. ಯಾವ ಗುಂಡಿ ಒತ್ತಿದರೆ ದುಡ್ಡು ಜಾಗ ಬದಲಿಸುತ್ತದೆ? ಮೂರೇ ಸಿಕ್ಕವು. ಅದೇ ಬ್ಯಾಂಕಿನ ಖಾತೆಗೆ ವರ್ಗಾವಣೆ, ಐಎಂಪಿಎಸ್ ಮತ್ತು ನೆಫ್ಟ್. ನಮ್ಮ ಅರ್ಧಕ್ಕಿಂತ ಜಾಸ್ತಿ ಸಮಯ ಈ ಮೂರಕ್ಕೇ ಹೋಗಲಿ ಎಂದು ತೀರ್ಮಾನಿಸಿದೆವು. ಲಾಗಿನ್, ಬ್ಯಾಲೆನ್ಸ್, ಮಿನಿ ಸ್ಟೇಟ್‌ಮೆಂಟ್, ಫಲಾನುಭವಿಯನ್ನು ಸೇರಿಸುವುದು, ಇವು ಆಮೇಲೆ. ಯುಪಿಐ, ಬಿಲ್ ಪಾವತಿ, ಎಫ್‌ಡಿ ತೆರೆಯುವುದು ಮತ್ತು ಐಫೋನ್ ಆ್ಯಪ್ ಮೊದಲ ಬಿಡುಗಡೆಯಲ್ಲಿ ಇರುವುದಿಲ್ಲ ಎಂದು ಬರೆದು ಬ್ಯಾಂಕಿನವರ ಸಹಿ ತೆಗೆದುಕೊಂಡೆ. ಈ ಸಹಿ ಮುಖ್ಯ. ಐದನೇ ವಾರದಲ್ಲಿ ಯಾರೋ ಬಂದು "ಬಿಲ್ ಪಾವತಿ ಒಂದು ಹಾಕಿಬಿಡಿ" ಅಂದಾಗ ತೋರಿಸಲು ಒಂದು ಕಾಗದ ಬೇಕು.

ರಿಸ್ಕ್‌ಗಳಿಗೆ ಅಂಕ ಕೊಡುವಾಗ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಾರೆ: ಆಗುವ ಸಾಧ್ಯತೆ ಎಷ್ಟು, ಆದರೆ ನಷ್ಟ ಎಷ್ಟು. ನಾವು ಮೂರನೆಯದನ್ನೂ ಸೇರಿಸಿದೆವು. ಆದಮೇಲೆ ಅದನ್ನು ಸರಿ ಮಾಡುವವರು ಯಾರು? ಈ ಒಂದು ಪ್ರಶ್ನೆ ಪಟ್ಟಿಯ ಕ್ರಮವನ್ನೇ ಬದಲಿಸಿತು.

ಐಎಂಪಿಎಸ್ ಉದಾಹರಣೆ ನೋಡಿ. ಕಳಿಸಿದವರ ಖಾತೆಯಿಂದ ಹಣ ಹೋಯಿತು, ಪಡೆಯುವವರಿಗೆ ಸೇರಲಿಲ್ಲ. ಗ್ರಾಹಕರಿಗೆ ಭಯ ಹುಟ್ಟಿಸುವ ಸಂಗತಿ ಇದೇ. ಆದರೆ ಇದಕ್ಕೆ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ ಸೆಪ್ಟೆಂಬರ್ 2019ರ ಸುತ್ತೋಲೆ ಪ್ರಕಾರ, ವಹಿವಾಟಿನ ಮರುದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ಗ್ರಾಹಕರಿಗೆ ದಿನಕ್ಕೆ ₹100 ಪರಿಹಾರ ಸಲ್ಲಬೇಕು. ಈಗ ಇನ್ನೊಂದು ಸನ್ನಿವೇಶ. ಹಣ ಎರಡು ಸಲ ಹೋಯಿತು, ಎರಡೂ ಸಲ ಸೇರಿತು. ಇಲ್ಲಿ ಆ ನಿಯಮ ನೆರವಿಗೆ ಬರುವುದಿಲ್ಲ. ವ್ಯವಸ್ಥೆಯ ಕಣ್ಣಿಗೆ ಎರಡೂ ಸರಿಯಾದ ವಹಿವಾಟುಗಳೇ. ಪಡೆದವರು ಒಪ್ಪಿ ಹಿಂತಿರುಗಿಸಬೇಕು, ಅಷ್ಟೇ. ಹಾಗಾಗಿ "ಎರಡು ಸಲ ಕಡಿತ" ನಮ್ಮ ಪಟ್ಟಿಯ ಮೇಲಕ್ಕೆ ಬಂತು. ಅದಕ್ಕಿಂತಲೂ ಮೇಲೆ ಇನ್ನೊಂದಿತ್ತು: ಒಬ್ಬರ ಖಾತೆ ವಿವರ ಇನ್ನೊಬ್ಬರಿಗೆ ಕಾಣುವುದು. ಅದನ್ನಂತೂ ಯಾರೂ ಸರಿಪಡಿಸಲಾರರು. ಒಮ್ಮೆ ಕಂಡದ್ದು ಕಂಡಿತು.

ಈ ಎರಡನೆಯದನ್ನು ಪರೀಕ್ಷಿಸುವುದು ಸುಲಭ, ಬಹಳ ತಂಡಗಳು ಬಿಟ್ಟುಬಿಡುತ್ತವೆ. ಇಬ್ಬರು ಟೆಸ್ಟ್ ಗ್ರಾಹಕರನ್ನು ಮಾಡಿಕೊಳ್ಳಿ. ಮೊದಲನೆಯವರಾಗಿ ಲಾಗಿನ್ ಆಗಿ, ಸರ್ವರ್‌ಗೆ ಹೋಗುವ ಕೋರಿಕೆಯನ್ನು ಪ್ರಾಕ್ಸಿಯಲ್ಲಿ ಹಿಡಿದು, ಖಾತೆ ಸಂಖ್ಯೆ ಇರುವಲ್ಲಿ ಎರಡನೆಯವರ ಸಂಖ್ಯೆ ಹಾಕಿ ಕಳಿಸಿ. ಸರ್ವರ್ ನಿರಾಕರಿಸಬೇಕು. ಖಾತೆ ಸಂಖ್ಯೆ ಹೋಗುವ ಪ್ರತಿಯೊಂದು ಎಪಿಐಗೂ ಇದನ್ನು ಮಾಡಿದೆವು. ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಳ್ಳುವ ಲಿಂಕ್ ಅನ್ನು ಮರೆಯಬೇಡಿ. ನಮಗೆ ತೂತು ಸಿಕ್ಕಿದ್ದು ಅಲ್ಲೇ.

ಎರಡು ಸಲ ಕಡಿತ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ತಂದೆ ಮಗಳ ಹಾಸ್ಟೆಲ್ ಫೀಸ್ ₹12,000 ಕಳಿಸುತ್ತಿದ್ದಾರೆ ಅಂದುಕೊಳ್ಳಿ. ಆ್ಯಪ್ ಉತ್ತರಕ್ಕಾಗಿ 30 ಸೆಕೆಂಡ್ ಕಾಯುತ್ತದೆ. ಆದರೆ ನಮ್ಮ ಸರ್ವರ್, ಬ್ಯಾಂಕುಗಳ ನಡುವೆ ವಹಿವಾಟು ಸಾಗಿಸುವ ಸ್ವಿಚ್‌ನ ಉತ್ತರಕ್ಕೆ ಅದಕ್ಕಿಂತ ಜಾಸ್ತಿ ಕಾಯುತ್ತದೆ. 30ನೇ ಸೆಕೆಂಡಿಗೆ ಆ್ಯಪ್ "ವಹಿವಾಟು ವಿಫಲ, ಮತ್ತೆ ಪ್ರಯತ್ನಿಸಿ" ಅನ್ನುತ್ತದೆ. 40ನೇ ಸೆಕೆಂಡಿಗೆ ಸ್ವಿಚ್ ಹೇಳುತ್ತದೆ, ಹಣ ಸೇರಿತು. ಅಷ್ಟರಲ್ಲಿ ಅವರು ಮತ್ತೆ ಒತ್ತಿ ಆಗಿದೆ. ₹24,000 ಹೋಯಿತು.

ಅಂದರೆ ಸರ್ವರ್ ಕೊಡುವ ಉತ್ತರ ಎರಡಲ್ಲ, ಮೂರು. ಆಯಿತು, ಆಗಲಿಲ್ಲ, ಗೊತ್ತಿಲ್ಲ. ಆ್ಯಪ್ "ಗೊತ್ತಿಲ್ಲ" ಅನ್ನುವುದನ್ನು "ಆಗಲಿಲ್ಲ" ಎಂದು ತೋರಿಸಿದರೆ ಈ ಅನಾಹುತ ಖಂಡಿತ. ನಮ್ಮ ಪ್ಲಾನ್‌ನಲ್ಲಿ ಬರೆದ ನಿಯಮ ಇದು: ಉತ್ತರ ಬಾರದಿದ್ದರೆ ಆ್ಯಪ್ "ಪ್ರಕ್ರಿಯೆಯಲ್ಲಿದೆ" ಎಂದು ತೋರಿಸಬೇಕು, ಹಿನ್ನೆಲೆಯಲ್ಲಿ ಸ್ಥಿತಿ ವಿಚಾರಿಸುತ್ತಿರಬೇಕು. ಪ್ರತಿ ವಹಿವಾಟಿಗೂ ಆ್ಯಪ್ ಒಂದು ಉಲ್ಲೇಖ ಸಂಖ್ಯೆ ಹುಟ್ಟಿಸಬೇಕು. ಅದೇ ಸಂಖ್ಯೆಯ ಕೋರಿಕೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಹಣ ಕಳಿಸದೆ ಹಳೆಯದರ ಸ್ಥಿತಿಯನ್ನೇ ಕೊಡಬೇಕು. ಅಲ್ಲದೆ ಅದೇ ವ್ಯಕ್ತಿಗೆ ಅದೇ ಮೊತ್ತದ ಒಂದು ವಹಿವಾಟು ಇನ್ನೂ ತೀರ್ಮಾನ ಆಗಿಲ್ಲದಿದ್ದರೆ, ಹೊಸದನ್ನು ಕಳಿಸುವ ಮುನ್ನ ಎಚ್ಚರಿಸಬೇಕು.

ಇದನ್ನು ಪರೀಕ್ಷಿಸಲು ಸ್ವಿಚ್ ನಿಧಾನ ಆಗುವುದನ್ನು ಕಾಯುತ್ತ ಕೂರಲು ಆಗುವುದಿಲ್ಲ. ಸಣ್ಣ ಸಹಕಾರ ಬ್ಯಾಂಕುಗಳು ಐಎಂಪಿಎಸ್‌ಗೆ ಹೆಚ್ಚಾಗಿ ಇನ್ನೊಂದು ದೊಡ್ಡ ಬ್ಯಾಂಕಿನ ಮೂಲಕ ಸೇರುತ್ತವೆ. ಆ ಬ್ಯಾಂಕಿನ ಪರೀಕ್ಷಾ ವ್ಯವಸ್ಥೆ ನಮಗೆ ಕಚೇರಿ ಸಮಯದಲ್ಲಿ, ಅದೂ ಅವರು ಕೊಟ್ಟ ದಿನಗಳಲ್ಲಿ ಮಾತ್ರ ಸಿಗುತ್ತಿತ್ತು. ಆದ್ದರಿಂದ ಮೊದಲ ವಾರದಲ್ಲೇ ಸ್ವಿಚ್‌ನ ಜಾಗದಲ್ಲಿ ಒಂದು ಸುಳ್ಳು ಸ್ವಿಚ್ ನಿಲ್ಲಿಸಿದೆವು. ವೈರ್‌ಮಾಕ್ ಎಂಬ ಟೂಲ್‌ನಲ್ಲಿ ಇದು ಕೆಲವೇ ಸಾಲು:

```json
{
  "request": { "method": "POST", "url": "/imps/transfer" },
  "response": { "status": 200, "fixedDelayMilliseconds": 40000 }
}
```

ಇನ್ನು ಫೋನ್ ಕಡೆ. ಸಂಪರ್ಕ ಮೂರು ಜಾಗದಲ್ಲಿ ಕಡಿಯಬಹುದು. ಕೋರಿಕೆ ಫೋನ್ ಬಿಡುವ ಮೊದಲು, ಕೋರಿಕೆ ತಲುಪಿ ಉತ್ತರ ಬರುವ ಮೊದಲು, ಉತ್ತರ ಬಂದು ಸ್ಕ್ರೀನ್ ಮೂಡುವ ಮೊದಲು. ಮೂರರಲ್ಲೂ ಒಮ್ಮೆ ನೆಟ್ ಕಡಿದೆವು, ಒಮ್ಮೆ ಆ್ಯಪ್ ಅನ್ನೇ ನಿಲ್ಲಿಸಿದೆವು:

```
adb shell svc data disable
adb shell am force-stop com.example.bank
```

ಈ ಪರೀಕ್ಷೆಗಳಲ್ಲಿ "ಪಾಸ್" ಅಂದರೆ ಏನು ಎಂಬುದನ್ನೂ ಪ್ಲಾನ್‌ನಲ್ಲೇ ಬರೆದಿಟ್ಟೆವು. ಸ್ಕ್ರೀನ್ ನೋಡಿ ಪಾಸ್ ಕೊಡುವಂತಿಲ್ಲ. ಮೂರು ಕಡೆಯ ಲೆಕ್ಕ ಒಂದಾಗಬೇಕು: ಆ್ಯಪ್‌ನ ವಹಿವಾಟು ಪಟ್ಟಿ, ಕೋರ್ ಬ್ಯಾಂಕಿಂಗ್‌ನ ಖಾತೆ ವಿವರ, ಸ್ವಿಚ್‌ನ ವರದಿ. ಮೂರನ್ನೂ ಜೋಡಿಸುವ ದಾರ, ವಹಿವಾಟನ್ನು ಗುರುತಿಸುವ 12 ಅಂಕಿಯ ಸಂಖ್ಯೆ ಆರ್‌ಆರ್‌ಎನ್. ದಿನದ ಕೊನೆಗೆ ಸಹೋದ್ಯೋಗಿ ಮೂರು ಪಟ್ಟಿಯನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ತಾಳೆ ನೋಡುತ್ತಿದ್ದಳು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ದೋಷ.

ನೆಫ್ಟ್ ಸ್ವಭಾವ ಬೇರೆ. ಡಿಸೆಂಬರ್ 2019ರಿಂದ ಅದು ಹಗಲು ರಾತ್ರಿ ನಡೆಯುತ್ತದೆ ನಿಜ, ಆದರೆ ಅರ್ಧ ಗಂಟೆಗೊಂದು ಕಂತಿನಲ್ಲಿ. ಹಾಗಾಗಿ ಗುಂಡಿ ಒತ್ತಿದ ಕೂಡಲೇ "ಹಣ ತಲುಪಿತು" ಎನ್ನುವ ಸಂದೇಶ ಬಂದರೆ ಅದು ಸುಳ್ಳು. "ಕೋರಿಕೆ ಸ್ವೀಕರಿಸಲಾಗಿದೆ" ಎಂದಷ್ಟೇ ಇರಬೇಕು.

ದಿನದ ಮಿತಿಯ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾಂಕಿನ ದಿನ ರಾತ್ರಿ ಹನ್ನೆರಡಕ್ಕೇ ಮುಗಿಯಬೇಕೆಂದಿಲ್ಲ. ದಿನಾಂತ್ಯದ ಲೆಕ್ಕ ಮುಗಿದರೆ ಕೋರ್ ಬ್ಯಾಂಕಿಂಗ್‌ನ ತಾರೀಖು ಹತ್ತೂವರೆಗೇ ಮುಂದಿನ ದಿನಕ್ಕೆ ಹೋಗಿರಬಹುದು. ಆಗ ಒಬ್ಬರು ಒಂಬತ್ತಕ್ಕೆ ಪೂರ್ತಿ ಮಿತಿ ಬಳಸಿ ಹನ್ನೊಂದಕ್ಕೆ ಮತ್ತೆ ಕಳಿಸಿದರೆ? ಮಿತಿ ಯಾವ ತಾರೀಖಿನ ಲೆಕ್ಕದಲ್ಲಿದೆ ಎನ್ನುವುದನ್ನು ಬ್ಯಾಂಕಿನವರೇ ಹೇಳಬೇಕು. ಕೇಳಿದಾಗ ಅವರಲ್ಲೇ ಚರ್ಚೆ ಆಯಿತು. ಕ್ಯಾಲೆಂಡರ್ ತಾರೀಖು ಎಂದು ತೀರ್ಮಾನವಾದ ಮೇಲೆ, ದಿನಾಂತ್ಯ ನಡೆಯುವ ಹೊತ್ತಿನಲ್ಲಿ ರಾತ್ರಿ ಕೂತು ಪರೀಕ್ಷಿಸಿದೆವು. ಹಗಲಲ್ಲಿ ಈ ದೋಷ ಯಾವತ್ತೂ ಸಿಗುವುದಿಲ್ಲ.

ಯಾವ ಫೋನ್‌ಗಳಲ್ಲಿ ಪರೀಕ್ಷೆ? ನಮಗೆ ಅಂಕಿಅಂಶ ಇರಲಿಲ್ಲ. ಶಾಖೆಗಳ ಕೌಂಟರ್‌ನಲ್ಲಿ ಗ್ರಾಹಕರ ಫೋನ್ ಮಾದರಿಗಳನ್ನು, ಹೆಸರಿಲ್ಲದೆ, ಬರೆದುಕೊಳ್ಳಲು ಮೇಡಂ ವ್ಯವಸ್ಥೆ ಮಾಡಿದರು. ಕಡಿಮೆ ರ‍್ಯಾಮ್‌ನ ಅಗ್ಗದ ಫೋನ್‌ಗಳೇ ಜಾಸ್ತಿ ಬಂದವು. ಇವುಗಳ ಕಾಟ ಏನೆಂದರೆ, ಗ್ರಾಹಕರು ಓಟಿಪಿ ನೋಡಲು ಮೆಸೇಜ್‌ಗೆ ಹೋದ ಕೂಡಲೇ ಆಂಡ್ರಾಯ್ಡ್ ನಮ್ಮ ಆ್ಯಪ್ ಅನ್ನು ಮುಚ್ಚಿಬಿಡುತ್ತದೆ. ವಾಪಸ್ ಬಂದರೆ ಮತ್ತೆ ಲಾಗಿನ್ ಪುಟ. ಓಟಿಪಿ ವ್ಯರ್ಥ. ದೊಡ್ಡ ಫೋನ್‌ನಲ್ಲೂ ಇದಕ್ಕೆ ಹತ್ತಿರದ ಪರಿಸ್ಥಿತಿ ತರಲು ಡೆವಲಪರ್ ಆಯ್ಕೆಗಳಲ್ಲಿ Don't keep activities ಆನ್ ಮಾಡಿ. ಆದರೂ ಒಂದು ನಿಜವಾದ ಅಗ್ಗದ ಫೋನ್ ಕೊಂಡುಕೊಳ್ಳಿ, ಅದಕ್ಕೆ ಹಾಕಿದ ದುಡ್ಡು ದಂಡ ಆಗುವುದಿಲ್ಲ.

ಈಗ ವೇಳಾಪಟ್ಟಿ. ಅದನ್ನು ನಾವು ಹಿಂದಿನಿಂದ ಮುಂದಕ್ಕೆ ಬರೆದೆವು, ಯಾಕೆಂದರೆ ನಮ್ಮ ಕೈಯಲ್ಲಿಲ್ಲದ ಕೆಲಸಗಳೇ ಅದನ್ನು ನಿರ್ಧರಿಸುತ್ತಿದ್ದವು. ಒಂದು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಭದ್ರತಾ ಆಡಿಟ್. ಎರಡು, ದೊಡ್ಡ ಬ್ಯಾಂಕಿನ ಪರೀಕ್ಷಾ ದಿನಗಳು. ಮೂರು, ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಎಸ್ಎಂಎಸ್ ಮಾದರಿಗಳ ನೋಂದಣಿ. ನೋಂದಣಿ ಆದ ಮಾದರಿಯಲ್ಲಿ ಒಂದಕ್ಷರ ಬದಲಾದರೂ ಓಟಿಪಿ ಗ್ರಾಹಕರನ್ನು ಮುಟ್ಟುವುದಿಲ್ಲ. ಕನ್ನಡ ಎಸ್ಎಂಎಸ್ ಒಂದು ಸಂದೇಶಕ್ಕೆ 70 ಅಕ್ಷರಗಳಲ್ಲಿ ಮುಗಿಯಬೇಕು, ಇಂಗ್ಲಿಷ್‌ಗೆ 160 ಇದೆ. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಪದಗಳನ್ನು ಮೊದಲೇ ಅಳೆದು ನೋಂದಾಯಿಸಬೇಕು. ಈ ಮೂರರ ಅರ್ಜಿಗಳೂ ಮೊದಲ ವಾರದಲ್ಲೇ ಹೋದವು.

ಆಡಿಟ್‌ಗೆ ಕೊಟ್ಟ ಮೇಲೆ ಆ್ಯಪ್ ಬದಲಾಗುವಂತಿಲ್ಲ. ಅಲ್ಲಿಗೆ ನಾಲ್ಕನೇ ವಾರದ ಆರಂಭ ಎಂದು ಗೆರೆ ಎಳೆದೆವು. ಹಣ ಸಾಗುವ ಪರೀಕ್ಷೆಗಳೆಲ್ಲ ಅದಕ್ಕೂ ಮೊದಲು, ಎರಡು ಮತ್ತು ಮೂರನೇ ವಾರದಲ್ಲಿ ಮುಗಿದವು. ಐದನೇ ವಾರ ಆಡಿಟ್ ದೋಷಗಳ ತಿದ್ದುಪಡಿ, ಆರನೇ ವಾರ ಮರು ಆಡಿಟ್ ಮತ್ತು ಎಲ್ಲ ಹಳೆಯ ಪರೀಕ್ಷೆಗಳ ಇನ್ನೊಂದು ಸುತ್ತು. ಏಳನೇ ವಾರ ಬ್ಯಾಂಕ್ ಸಿಬ್ಬಂದಿಯೊಂದಿಗೆ ಪೈಲಟ್. ಎಂಟರಲ್ಲಿ ಬಿಡುಗಡೆ, ಅದೂ ತಿಂಗಳ ಮಧ್ಯದ ಮಂಗಳವಾರ. ತಿಂಗಳ ಕೊನೆ ಮತ್ತು ಸಂಬಳದ ಮೊದಲ ವಾರ ಬೇಡವೇ ಬೇಡ ಎಂದಿದ್ದೆ.

ಬಿಡುಗಡೆ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಬೇಕು. ಪ್ಲೇ ಸ್ಟೋರ್‌ನಲ್ಲಿ ಇಷ್ಟು ಶೇಕಡಾ ಜನರಿಗೆ ಮಾತ್ರ ಎಂದು ಹಂತಹಂತವಾಗಿ ಬಿಡುವ ಸೌಲಭ್ಯ ಅಪ್‌ಡೇಟ್‌ಗಳಿಗೆ ಮಾತ್ರ. ಹೊಚ್ಚ ಹೊಸ ಆ್ಯಪ್‌ಗೆ ಅದು ಸಿಗುವುದಿಲ್ಲ. ಅಪ್‌ಡೇಟ್ ಅನ್ನು ಮಧ್ಯೆ ನಿಲ್ಲಿಸಿದರೂ ಈಗಾಗಲೇ ಹಾಕಿಕೊಂಡವರ ಫೋನ್‌ನಲ್ಲಿ ಅದು ಉಳಿಯುತ್ತದೆ. ಅದಕ್ಕೇ ಹಿಡಿತವನ್ನು ಸರ್ವರ್‌ನಲ್ಲಿ ಇಟ್ಟೆವು. ಯಾವ ಗ್ರಾಹಕರು ನೋಂದಾಯಿಸಬಹುದು ಎಂಬ ಪಟ್ಟಿ, ದಿನಕ್ಕೆ ₹5,000 ಮಿತಿ, ಮತ್ತು ಐಎಂಪಿಎಸ್, ನೆಫ್ಟ್‌ಗಳನ್ನು ಪ್ರತ್ಯೇಕವಾಗಿ ಆಫ್ ಮಾಡುವ ಗುಂಡಿ. ಆಫ್ ಮಾಡುವುದನ್ನು ಪೈಲಟ್‌ನಲ್ಲಿ ಎರಡು ರೀತಿ ನೋಡಿದೆವು: ಯಾರೂ ಬಳಸದಿದ್ದಾಗ, ಮತ್ತು ಒಂದು ವರ್ಗಾವಣೆ ಅರ್ಧದಲ್ಲಿರುವಾಗ. ಅರ್ಧದಲ್ಲಿದ್ದದ್ದು ಪೂರ್ತಿಯಾಗಬೇಕು, ಹೊಸದು ಮಾತ್ರ ನಿಲ್ಲಬೇಕು.

ಬಿಡುಗಡೆಗೆ ಒಪ್ಪಿಗೆ ಯಾವಾಗ ಎಂಬುದೂ ಪ್ಲಾನ್‌ನಲ್ಲಿತ್ತು. ಪೈಲಟ್‌ನ ಸತತ ಐದು ಕೆಲಸದ ದಿನ ಮೂರು ಕಡೆಯ ಲೆಕ್ಕ ಒಂದಾಗಬೇಕು, ಮರುದಿನಕ್ಕೂ "ಪ್ರಕ್ರಿಯೆಯಲ್ಲಿದೆ" ಎಂದು ಉಳಿದ ವಹಿವಾಟು ಒಂದೂ ಇರಬಾರದು, ಆಡಿಟ್‌ನ ದೊಡ್ಡ ದೋಷಗಳು ಮುಚ್ಚಿರಬೇಕು. ಸ್ಟೇಟ್‌ಮೆಂಟ್ ಪಿಡಿಎಫ್‌ನಲ್ಲಿ ಉದ್ದದ ಕನ್ನಡ ಹೆಸರಿನ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತಿತ್ತು. ಅದನ್ನು ಮುಂದಿನ ಅಪ್‌ಡೇಟ್‌ಗೆ ಬಿಟ್ಟೆವು, ಬ್ಯಾಂಕಿನವರಿಗೆ ಬರೆದು ತಿಳಿಸಿಯೇ. ಬಿಡುಗಡೆ ಆದಮೇಲೂ ಮೂರು ಪಟ್ಟಿ ತಾಳೆ ನೋಡುವ ಆ ಎಕ್ಸೆಲ್ ಹಾಳೆಯನ್ನು ಬ್ಯಾಂಕಿನ ಐಟಿ ವಿಭಾಗಕ್ಕೆ ಒಪ್ಪಿಸಿದೆವು. ₹5,000 ಮಿತಿಯನ್ನು ಏರಿಸುವ ನಿರ್ಧಾರವನ್ನು ಅವರು ಆ ಹಾಳೆ ನೋಡಿಯೇ ತೆಗೆದುಕೊಂಡರು.