ಸಿಮೆಂಟ್, ಕಂಬಿ ದರ ಏರಿದಾಗ ಇಲಾಖೆಗೆ ಪತ್ರ ಬರೆಯುವುದು ಹೇಗೆ?

ಸಿಮೆಂಟ್ ಮತ್ತು ಕಬ್ಬಿಣದ ದರ ಏರಿದೆ ಎಂದು ಗುತ್ತಿಗೆದಾರರು ಕೊಡುವ ಅರ್ಜಿಗಳಲ್ಲಿ ಬಹಳಷ್ಟು ಒಂದೇ ಕಾರಣಕ್ಕೆ ಹಿಂದಕ್ಕೆ ಬರುತ್ತವೆ. ಮೈಸೂರಿನಿಂದ ತಂದ ಲೋಡಿನ ಹಳೇ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಲಗತ್ತಿಸಿ ವ್ಯತ್ಯಾಸವನ್ನು ಕೇಳಿರುತ್ತಾರೆ. ಆದರೆ ಒಪ್ಪಂದದಲ್ಲಿ ಬೆಲೆ ಹೊಂದಾಣಿಕೆಯ ಸೂತ್ರವಿದ್ದರೆ ಹಣ ಲೆಕ್ಕವಾಗುವುದು ಸರ್ಕಾರ ಪ್ರಕಟಿಸುವ ಬೆಲೆ ಸೂಚ್ಯಂಕದಿಂದ, ಅಂಗಡಿ ದರದಿಂದಲ್ಲ.

ಮೊದಲು ಒಪ್ಪಂದ ತೆಗೆದು ಬೆಲೆ ಹೊಂದಾಣಿಕೆಯ ಕಲಂ ಹುಡುಕಿ. ಹನ್ನೆರಡು ತಿಂಗಳೊಳಗಿನ ಕಾಮಗಾರಿಗೆ ಅನೇಕ ಟೆಂಡರ್‌ಗಳಲ್ಲಿ ಈ ಕಲಂ ಅನ್ವಯಿಸುವುದಿಲ್ಲ. ಇದ್ದರೆ ಅದರ ಸಂಖ್ಯೆ, ಒಪ್ಪಂದದ ಸಂಖ್ಯೆ ಎರಡನ್ನೂ ಪತ್ರದ ವಿಷಯದ ಸಾಲಿನಲ್ಲೇ ಬರೆಯಿರಿ.

ಎರಡನೆಯದು ಅವಧಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಕ್ರೀಟ್ ಕೆಲಸ ಸರಾಗವಾಗಿ ಸಾಗುವುದಿಲ್ಲ, ಘಟ್ಟದಲ್ಲಿ ಮಣ್ಣು ಕುಸಿದರೆ ಲಾರಿಯೂ ಬರುವುದಿಲ್ಲ. ಹೀಗೆ ಕೆಲಸ ಮೂಲ ಅವಧಿ ದಾಟಿದರೆ, ಕಾಲಾವಧಿ ವಿಸ್ತರಣೆ ಮಂಜೂರಾಗದೆ ಆ ನಂತರದ ತಿಂಗಳುಗಳ ಹೊಂದಾಣಿಕೆ ಸಿಗುವುದು ಕಷ್ಟ. ಆದ್ದರಿಂದ ಮಳೆಯಿಂದ ನಿಂತ ದಿನಗಳನ್ನು ಅಡಚಣೆ ವಹಿಯಲ್ಲಿ ಆಯಾ ವಾರವೇ ಬರೆಸಿ, ಇಂಜಿನಿಯರ್ ಸಹಿ ಪಡೆಯಿರಿ. ಅವಧಿ ಮುಗಿದ ಮೇಲೆ ನೆನಪಿನಿಂದ ಬರೆದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಎಡವುವುದು ಲೆಕ್ಕದಲ್ಲಿ. ಇಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸೂತ್ರದಂತೆ ನೋಡೋಣ. ನಿಮ್ಮ ಒಪ್ಪಂದದ್ದು ಬೇರೆಯಾಗಿದ್ದರೆ ಅದೇ ಅಂತಿಮ. ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಕಟ್ಟಡ, ಅವಧಿ 18 ತಿಂಗಳು ಎಂದುಕೊಳ್ಳಿ. ಒಂದು ತ್ರೈಮಾಸಿಕದಲ್ಲಿ ಮಾಡಿದ ಕೆಲಸದ ಮೌಲ್ಯ 40 ಲಕ್ಷ ರೂಪಾಯಿ. ಒಪ್ಪಂದದ ಪ್ರಕಾರ ಅದರಲ್ಲಿ ಸಿಮೆಂಟಿನ ಪಾಲು ಶೇ 10, ಕಬ್ಬಿಣದ ಪಾಲು ಶೇ 15. ಲೆಕ್ಕ ಸುಲಭವಾಗಲೆಂದು ಸಿಮೆಂಟಿನ ಸೂಚ್ಯಂಕ 120ರಿಂದ 129.6ಕ್ಕೆ, ಕಬ್ಬಿಣದ್ದು 125ರಿಂದ 150ಕ್ಕೆ ಏರಿದೆ ಎಂದು ಹಿಡಿಯೋಣ.

```
ಸಿಮೆಂಟ್: 0.85 × 10/100 × 40,00,000 × (129.6 − 120)/120 = 27,200
ಕಬ್ಬಿಣ: 0.85 × 15/100 × 40,00,000 × (150 − 125)/125 = 1,02,000
```

ಒಟ್ಟು 1,29,200 ರೂಪಾಯಿ. ಸೂತ್ರದ 0.85ರ ಅರ್ಥ, ಏರಿಕೆಯ ನೂರರಲ್ಲಿ ಹದಿನೈದು ಪಾಲನ್ನು ಗುತ್ತಿಗೆದಾರನೇ ಹೊರಬೇಕು ಎಂದು. ಕಬ್ಬಿಣ 25 ಅಂಕ ಏರಿದೆ ಎಂದು ಶೇ 25 ಹಾಕಿಬಿಡುವವರಿದ್ದಾರೆ. ಏರಿಕೆ ಶೇ 20 ಮಾತ್ರ, ಏಕೆಂದರೆ ಭಾಗಿಸಬೇಕಾದದ್ದು ಮೂಲ ಸೂಚ್ಯಂಕವಾದ 125ರಿಂದ. ಆ ಮೂಲ ಸೂಚ್ಯಂಕ ಯಾವ ತಿಂಗಳದ್ದು ಎಂಬುದು ಇನ್ನೊಂದು ಎಡವಟ್ಟು. ಕಲಂಗಳು ಸಾಮಾನ್ಯವಾಗಿ ಅದನ್ನು ಟೆಂಡರ್ ತೆರೆದ ದಿನಕ್ಕೆ ಕಟ್ಟಿರುತ್ತವೆ, ಒಪ್ಪಂದಕ್ಕೆ ಸಹಿ ಮಾಡಿದ ದಿನಕ್ಕಲ್ಲ. ಎರಡರ ನಡುವೆ ನಾಲ್ಕು ತಿಂಗಳು ಕಳೆದಿದ್ದರೆ, ತಪ್ಪು ದಿನ ಹಿಡಿದವರು ಆ ಅವಧಿಯ ಏರಿಕೆಯನ್ನು ತಾವೇ ಬಿಟ್ಟುಕೊಟ್ಟಂತೆ.

ಸಗಟು ಬೆಲೆ ಸೂಚ್ಯಂಕವನ್ನು ಕೇಂದ್ರದ ಆರ್ಥಿಕ ಸಲಹೆಗಾರರ ಕಚೇರಿ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅಲ್ಲಿ ಲೋಹಗಳ ಒಟ್ಟು ಸಾಲನ್ನು ಎತ್ತಿಕೊಳ್ಳಬೇಡಿ. 2011-12 ಆಧಾರದ ಸರಣಿಯಲ್ಲಿ ಮೃದು ಉಕ್ಕಿನ ಉದ್ದ ಉತ್ಪನ್ನಗಳಿಗೂ ತಗಡಿನಂಥ ಚಪ್ಪಟೆ ಉತ್ಪನ್ನಗಳಿಗೂ ಬೇರೆ ಬೇರೆ ಸಾಲುಗಳಿವೆ. ಕಂಬಿ ಸೇರುವುದು ಉದ್ದದ್ದಕ್ಕೆ. ಆದರೂ ಒಪ್ಪಂದ ಯಾವ ಸಾಲನ್ನು ಹೆಸರಿಸಿದೆಯೋ ಅದನ್ನೇ ಹಾಕಿ. ಮೊದಲು ಬರುವ ಅಂಕಿ ತಾತ್ಕಾಲಿಕ, ಆಮೇಲೆ ಬದಲಾಗುತ್ತದೆ. ಹಾಗಾಗಿ ‘ಅಂತಿಮ ಸೂಚ್ಯಂಕ ಬಂದಾಗ ವ್ಯತ್ಯಾಸ ಸರಿಪಡಿಸಲು ಒಳಪಟ್ಟು’ ಎಂಬ ಸಾಲು ಪತ್ರದಲ್ಲಿ ಇರಲೇಬೇಕು.

40 ಲಕ್ಷದೊಳಗೆ ಏನು ಸೇರಿದೆ ಎಂಬುದನ್ನೂ ನೋಡಿ. ಹೆಚ್ಚುವರಿ ಕೆಲಸಕ್ಕೆ ಈಗಿನ ದರದಲ್ಲೇ ಹಣ ಬಂದಿದ್ದರೆ ಅದನ್ನು ಕಳೆಯಿರಿ, ಇಲ್ಲದಿದ್ದರೆ ಆ ಭಾಗಕ್ಕೆ ಎರಡು ಸಲ ಏರಿಕೆ ಕೇಳಿದಂತಾಗುತ್ತದೆ. ಮೇ ತಿಂಗಳಲ್ಲಿ ಹಾಕಿದ ಸ್ಲ್ಯಾಬನ್ನು ಮಳೆ ಮುಗಿದ ಮೇಲೆ ಅಳೆಸುವ ಅಭ್ಯಾಸವೂ ಬೇಡ. ಯಾವ ಕೆಲಸ ಯಾವ ತ್ರೈಮಾಸಿಕದ್ದು ಎಂಬುದಕ್ಕೆ ಅಳತೆ ಪುಸ್ತಕದ ದಿನಾಂಕವೇ ಸಾಕ್ಷಿ.

ಇಷ್ಟಾದ ಮೇಲೆ ಪತ್ರ ಒಂದು ಪುಟ ಸಾಕು. ಕಾರ್ಯಪಾಲಕ ಇಂಜಿನಿಯರ್ ಅವರಿಗೆ ಹೀಗೆ ಬರೆಯಬಹುದು:

‘ಮಾನ್ಯರೇ, ಮೇಲ್ಕಂಡ ಒಪ್ಪಂದದ ಬೆಲೆ ಹೊಂದಾಣಿಕೆ ಕಲಂ ಪ್ರಕಾರ, ಅಳತೆ ಪುಸ್ತಕದಲ್ಲಿ ದಾಖಲಾದ ಜನವರಿ–ಮಾರ್ಚ್ ತ್ರೈಮಾಸಿಕದ ಕೆಲಸಕ್ಕೆ ಸಿಮೆಂಟ್ ಮತ್ತು ಕಬ್ಬಿಣದ ಬಾಬ್ತು ರೂ. 1,29,200 ಪಾವತಿಸಲು ಕೋರುತ್ತೇನೆ. ಈ ಮೊತ್ತ, ಅಂತಿಮ ಸೂಚ್ಯಂಕ ಬಂದಾಗ ವ್ಯತ್ಯಾಸ ಸರಿಪಡಿಸಲು ಒಳಪಟ್ಟಿದೆ. ಲೆಕ್ಕದ ಹಾಳೆ, ಸೂಚ್ಯಂಕದ ಪ್ರತಿ ಮತ್ತು ಕಾಲಾವಧಿ ವಿಸ್ತರಣೆಯ ಆದೇಶ ಲಗತ್ತಿಸಿದೆ.’

ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಸಿದ್ಧ ನಮೂನೆ ಬಳಸಬೇಡಿ. ಅದರಲ್ಲಿ ಬೇರೆ ಇಲಾಖೆಯ ಕಲಂ ಸಂಖ್ಯೆ ಉಳಿದುಕೊಂಡಿರುತ್ತದೆ. ತ್ರೈಮಾಸಿಕಕ್ಕೊಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಕೊನೆಗೆ ಒಟ್ಟಿಗೆ ಕೇಳಬೇಡಿ. ಸೂಚ್ಯಂಕ ಇಳಿದ ತ್ರೈಮಾಸಿಕದ ಲೆಕ್ಕವನ್ನೂ ಕೊಡಿ, ಏಕೆಂದರೆ ಇದೇ ಸೂತ್ರದಲ್ಲಿ ಕಡಿತವೂ ಆಗುತ್ತದೆ.

ಕಲಂ ಇಲ್ಲದಿದ್ದರೆ ಈ ಪತ್ರ ವಿನಂತಿಯಷ್ಟೇ. ದರ ಏರಿ ನಷ್ಟವಾಯಿತು ಎಂಬುದೊಂದೇ ಕಾರಣಕ್ಕೆ 1872ರ ಒಪ್ಪಂದ ಕಾಯ್ದೆಯ 56ನೇ ಕಲಂನಡಿ ಬಿಡುಗಡೆ ಸಿಗದು ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿದೆ. ಕಲಂ ಇದ್ದು ಹಣ ಬಾಕಿಯಿದ್ದರೆ, ಅಂತಿಮ ಬಿಲ್ಲಿನಲ್ಲಿ ‘ಇನ್ನಾವ ಬೇಡಿಕೆಯೂ ಇಲ್ಲ’ ಎಂಬಲ್ಲಿ ಸುಮ್ಮನೆ ಸಹಿ ಹಾಕಬೇಡಿ. ‘ಬೆಲೆ ಹೊಂದಾಣಿಕೆಯ ಬಾಕಿ ಬೇಡಿಕೆಯನ್ನು ಉಳಿಸಿಕೊಂಡು’ ಎಂದು ಕೈಬರಹದಲ್ಲಿ ಸೇರಿಸಿ, ದಿನಾಂಕ ಹಾಕಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ.